ಎಳೆಯಬೇಡಿ, ಕತ್ತರಿಸಿ

ಫೆಬ್ರುವರಿ ತಿಂಗಳು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದೆ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಪತ್ರಿಕೆಯ ಅಂಚಿನಲ್ಲಿ ಒಂದು ಕೆಂಪು ಗುರುತು ಕಾಣಿಸಿತು. ನನ್ನ ಪೆನ್ನಿನದೇ ಇರಬೇಕೆಂದು ಒರೆಸಹೋದರೆ ಹರಡಿಕೊಂಡಿತು. ರಕ್ತ. ಎಡಗೈ ಹೆಬ್ಬೆರಳಿನ ಉಗುರಿನ ಪಕ್ಕ ಎದ್ದಿದ್ದ ಸಣ್ಣ ಸಿಪ್ಪೆಯನ್ನು ಯಾವ ಲೆಕ್ಕದ ನಡುವೆ ಹಲ್ಲಿನಿಂದ ಹಿಡಿದು ಎಳೆದಿದ್ದೆನೋ ನನಗೇ ಗೊತ್ತಿರಲಿಲ್ಲ. ಹುಡುಗ ಪತ್ರಿಕೆ ವಾಪಸ್ ಪಡೆದಾಗ ಅದನ್ನು ತನ್ನ ತಪ್ಪಿಗೆ ಹಾಕಿದ ಗುರುತು ಅಂದುಕೊಂಡ.

ಈ ಸಿಪ್ಪೆಗೆ ಕನ್ನಡದಲ್ಲಿ ಊರಿಗೊಂದು ಹೆಸರು. ಕೆಲವರು ಸಿಗುರು ಅನ್ನುತ್ತಾರೆ, ಕೆಲವರು ಸಿಬಿರು ಅನ್ನುತ್ತಾರೆ, ಬಹಳಷ್ಟು ಜನ ಹೆಸರೇ ಇಡದೆ ‘ಉಗುರಿನ ಪಕ್ಕ ಚರ್ಮ ಎದ್ದಿದೆ’ ಅಂದು ಸುಮ್ಮನಾಗುತ್ತಾರೆ. ನಾನು ಸಿಗುರು ಎಂದೇ ಬರೆಯುತ್ತೇನೆ. ಬಿದಿರಿನ ಸಿಗುರಿನ ಹಾಗೆ ಇದೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ತಲೆಕೂದಲಿಗೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಬುಡದವರೆಗೂ ಸೀಳಿಕೊಂಡು ಹೋಗುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇದು ಉಗುರಿನ ತುಂಡಲ್ಲ. ಉಗುರನ್ನು ಮೂರು ಕಡೆಯಿಂದ ಚೌಕಟ್ಟಿನಂತೆ ಹಿಡಿದಿರುವ ಚರ್ಮದ ಮಡಿಕೆ ಇದೆಯಲ್ಲ, ಅದರ ಅಂಚು ಒಣಗಿ ಸೀಳಿದಾಗ ಏಳುವ ಎಳೆ.

ಅಲ್ಲೇ ಯಾಕೆ ಸೀಳುತ್ತದೆ? ಬೆರಳಿನ ಉಳಿದೆಡೆ ಚರ್ಮ ಮೆತ್ತಗಿನ ಮಾಂಸದ ಮೇಲೆ ಕೂತಿದೆ, ಮಡಿಚಿದರೆ ಸುಕ್ಕಾಗುತ್ತದೆ, ಚಾಚಿದರೆ ಹಿಗ್ಗುತ್ತದೆ. ಉಗುರಿನ ಪಕ್ಕದಲ್ಲಿ ಮಾತ್ರ ಅದು ಹಿಗ್ಗದ, ಬಾಗದ ಒಂದು ಗಟ್ಟಿ ಫಲಕಕ್ಕೆ ಒತ್ತಿಕೊಂಡಿರುತ್ತದೆ. ಬೆರಳು ದಿನಕ್ಕೆ ಸಾವಿರ ಸಲ ಬಾಗುವಾಗ ಆ ಅಂಚಿನ ಮೇಲೆ ಎಳೆತ ಬೀಳುತ್ತಲೇ ಇರುತ್ತದೆ. ಚರ್ಮದಲ್ಲಿ ತೇವ, ಜಿಡ್ಡು ಇರುವವರೆಗೆ ಅದು ತಾಳಿಕೊಳ್ಳುತ್ತದೆ. ಒಣಗಿದರೆ ಮೇಲಿನ ಸತ್ತ ಪದರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ.

ಒಣಗುವುದು ನೀರು ಮುಟ್ಟದವರ ಕೈ ಅಂತ ನಾನು ಅಂದುಕೊಂಡಿದ್ದೆ. ವಾಸ್ತವ ತಿರುಗಾಮುರುಗಾ. ನೀರಿನಲ್ಲಿ ನೆನೆದಾಗ ಚರ್ಮದ ಮೇಲ್ಪದರ ನೀರು ಕುಡಿದು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಜೊತೆಗೆ ಸೋಪು ಇದ್ದರೆ ಆ ಪದರವನ್ನು ಹಿಡಿದಿದ್ದ ಜಿಡ್ಡೂ ತೊಳೆದುಹೋಗುತ್ತದೆ. ಉಬ್ಬು, ಕುಗ್ಗು, ಉಬ್ಬು, ಕುಗ್ಗು. ದಿನಕ್ಕೆ ಹದಿನೈದು ಸಲ ಹೀಗಾದರೆ ಅಂಚು ಬಿರಿಯದೆ ಇನ್ನೇನು? ನನ್ನ ಒಂದು ದಿನವನ್ನೇ ನೋಡಿ. ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪು, ತಂತಿ ಜುಂಗು. ಬೆಳ್ಳುಳ್ಳಿ ಸುಲಿಯುವುದು ಇದೇ ಹೆಬ್ಬೆರಳ ಉಗುರಿನಿಂದ. ಶಾಲೆಯಲ್ಲಿ ಐದು ಪಿರಿಯಡ್ ಸೀಮೆಸುಣ್ಣ. ಅದರ ಪುಡಿ ಬೆರಳಿನ ತೇವವನ್ನು ಹೀರಿಕೊಳ್ಳುತ್ತದೆ. ಆ ಪುಡಿ ಇಷ್ಟವಿಲ್ಲದ್ದಕ್ಕೆ ಪ್ರತಿ ಪಿರಿಯಡ್ ಆದಮೇಲೂ ಸೋಪು ಹಾಕಿ ಕೈ ತೊಳೆತ. ಮೇಲೆ ಧಾರವಾಡದ ಮಾಗಿಯ ಒಣಗಾಳಿ. ರಾತ್ರಿ ಉತ್ತರಪತ್ರಿಕೆ, ಬಾಯಲ್ಲಿ ಬೆರಳು. ಸಿಗುರು ಏಳಲು ಬೇಕಾದ ಎಲ್ಲ ಸಾಮಗ್ರಿಯನ್ನೂ ನಾನೇ ಹೊಂದಿಸಿಟ್ಟಿದ್ದೆ.

ವಿಟಮಿನ್ ಕಡಿಮೆಯಾದರೆ ಸಿಗುರು ಏಳುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಹೇಳುತ್ತಾರೆ, ಒಂದು ಮಾತ್ರೆಯ ಹೆಸರನ್ನೂ ಕೊಡುತ್ತಾರೆ. ಸಾಮಾನ್ಯವಾಗಿ ಊಟ ಮಾಡುವವರಲ್ಲಿ ಇದಕ್ಕೆ ಕಾರಣ ಬಹುಪಾಲು ಹೊರಗಿನದೇ. ಮಾತ್ರೆಗೆ ಕೊಡುವ ದುಡ್ಡಿನಲ್ಲಿ ಎರಡು ಡಬ್ಬಿ ವ್ಯಾಸಲೀನ್ ಬರುತ್ತದೆ.

ಈಗ ಎಳೆಯುವ ವಿಷಯ. ಸಿಗುರಿನ ಬಿಡಿ ತುದಿ ಒಣ ಚರ್ಮ, ಸತ್ತದ್ದು, ನೋವಿಲ್ಲದ್ದು. ಅದರ ಬುಡ ಮಾತ್ರ ಜೀವಂತ ಚರ್ಮಕ್ಕೆ ಅಂಟಿಕೊಂಡಿದೆ. ತುದಿಯನ್ನು ಹಿಡಿದು ಗೆಣ್ಣಿನ ಕಡೆಗೆ ಎಳೆದಾಗ ಸೀಳು ಹಿಂದಕ್ಕೆ ಮಾತ್ರ ಹೋಗುವುದಿಲ್ಲ, ಆಳಕ್ಕೂ ಇಳಿಯುತ್ತದೆ. ಹಸಿ ಬಾಳೆನಾರು ಎಳೆದ ಹಾಗೆ. ಮೊದಲು ದಾರದಷ್ಟಿದ್ದದ್ದು ಹೋಗ್ತಾ ಹೋಗ್ತಾ ಅಗಲವಾಗುತ್ತದೆ. ನರದ ತುದಿಗಳು ದಟ್ಟವಾಗಿರುವ ಜಾಗ ಬೆರಳ ತುದಿ, ಹಾಗಾಗಿ ಎರಡು ಮಿಲಿಮೀಟರ್ ಗಾಯ ಇಡೀ ಕೈಯದೇನೋ ಎಂಬಂತೆ ಉರಿಯುತ್ತದೆ. ಹಲ್ಲಿನಿಂದ ಎಳೆದರೆ ಇನ್ನೊಂದು ತೊಂದರೆ: ಬಾಯಿಯ ಬ್ಯಾಕ್ಟೀರಿಯಾ ಆಗತಾನೆ ತೆರೆದ ಗಾಯಕ್ಕೆ ನೇರ ಹೋಗುತ್ತದೆ. ಜೊಲ್ಲು ಆರಿದ ಮೇಲೆ ಆ ಜಾಗ ಮತ್ತಷ್ಟು ಒಣಗಿ, ಮಾರನೆಯ ದಿನ ಪಕ್ಕದಲ್ಲೇ ಇನ್ನೊಂದು ಸಿಗುರು.

ಮಾಡಬೇಕಾದದ್ದು ಸಣ್ಣ ಕೆಲಸ, ಆದರೆ ಅದರ ಕ್ರಮ ತಪ್ಪಬಾರದು. ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ಇಳಿಬಿಡಿ. ಒಣಗಿ ಗಡುಸಾದ ಸಿಗುರು ಮೆತ್ತಗಾಗುತ್ತದೆ. ಗಡುಸಾಗಿದ್ದಾಗ ಕತ್ತರಿಸಿದರೆ ಅದು ತುಂಡಾಗದೆ ಎಳೆದುಕೊಂಡು ಬರುತ್ತದೆ. ನೇಲ್ ಕಟರ್‌ನ ಬಾಯಿಯನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಅದ್ದಿದ ಹತ್ತಿಯಿಂದ ಒರೆಸಿ, ಆರಲು ಬಿಡಿ. ಮನೆಗೆಲ್ಲ ಒಂದೇ ಕಟರ್, ಅದೂ ಕಾಲುಗುರಿಗೂ ಅದೇ ಆದರೆ ಈ ಹೆಜ್ಜೆ ಬಿಡಲೇಬೇಡಿ. ಬೆಳಕಿಗೆ ಹಿಡಿದು, ಸಿಗುರನ್ನು ಮೇಲಕ್ಕೆತ್ತದೆ, ಅದು ಮಲಗಿದ್ದಂತೆಯೇ ಬುಡದ ಹತ್ತಿರ ಒಂದೇ ಕಚ್ಚಿನಲ್ಲಿ ಕತ್ತರಿಸಿ. ಒಂದು ಕೂದಲೆಳೆಯಷ್ಟು ಬುಡ ಉಳಿದರೆ ಉಳಿಯಲಿ. ಅದನ್ನೂ ತೆಗೆಯಬೇಕೆಂಬ ಹಟವೇ ಮುಂದಿನ ಗಾಯ. ಬ್ಲೇಡು ಬೇಡ. ಆಮೇಲೆ ಬೆರಳನ್ನು ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ವ್ಯಾಸಲೀನ್ ಹಚ್ಚಿ. ವ್ಯಾಸಲೀನ್ ನೀರು ಕೊಡುವುದಿಲ್ಲ, ಇರುವ ನೀರು ಆವಿಯಾಗದಂತೆ ಮುಚ್ಚಳ ಹಾಕುತ್ತದೆ. ಒಣ ಬೆರಳಿಗೆ ಹಚ್ಚಿದರೆ ಮುಚ್ಚಿಡಲು ಒಳಗೆ ಹೆಚ್ಚೇನೂ ಇರುವುದಿಲ್ಲ. ಒಂದು ಕಡಲೆಕಾಳಿನಷ್ಟು ಹತ್ತು ಬೆರಳಿಗೂ ಸಾಕು. ರಕ್ತ ಬಂದಿದ್ದರೆ ಮೇಲೆ ಬ್ಯಾಂಡೇಜ್ ಪಟ್ಟಿ ಸುತ್ತಿ, ಒಂದೆರಡು ದಿನ ಒದ್ದೆಯಾದಾಗಲೆಲ್ಲ ಬದಲಿಸಿ.

ನಾನು ಇದೇನನ್ನೂ ಮಾಡಲಿಲ್ಲ. ಆ ಗುರುವಾರ ರಾತ್ರಿ ರಕ್ತ ಒರೆಸಿ ಇಪ್ಪತ್ತೆರಡನೇ ಪತ್ರಿಕೆ ಎತ್ತಿಕೊಂಡೆ. ಶುಕ್ರವಾರ ಸಂಜೆಗೆ ಆ ಪಕ್ಕ ಬಿಸಿಯಾಗಿ ಮಿಡಿಯತೊಡಗಿತು. ಶನಿವಾರ ಊದಿತು. ನಮ್ಮ ಅತ್ತೆ ನೋಡಿದವರೇ, “ಉಗುರಸುತ್ತ ಆಗೇದ. ನಿಂಬಿಹಣ್ಣಿಗೆ ಬಟ್ಟ ಸಿಗಿಸ್ಕೊಂಡು ಮಲ್ಕೋ, ಮುಂಜಾನೆ ತಾನ ಒಡದ ಹೋಗ್ತದ,” ಅಂದರು. ಉಗುರುಸುತ್ತಿಗೆ ನಿಂಬೆಹಣ್ಣಿನ ಟೋಪಿ ಹಾಕಿಸಿಕೊಳ್ಳದೆ ಬೆಳೆದ ಮಕ್ಕಳು ನಮ್ಮ ಕಡೆ ಕಡಿಮೆ. ನಾನೂ ಹಾಕಿಕೊಂಡೆ. ತಂಪು ಒಂದು ಕ್ಷಣ, ಆಮೇಲೆ ಹುಳಿ ಹಸಿ ಗಾಯಕ್ಕೆ ಇಳಿದು ರಾತ್ರಿಯಿಡೀ ಉರಿ. ನಿಂಬೆಯ ಬಗ್ಗೆ ನನ್ನ ತೀರ್ಮಾನ ಇಷ್ಟು: ಬೆರಳು ಎಲ್ಲಿಗೂ ತಾಗದಂತೆ ಅದು ಕಾಯುತ್ತದೆ, ಬೆರಳು ಬಾಯಿಗೆ ಹೋಗದಂತೆಯೂ ಕಾಯುತ್ತದೆ, ಆದರೆ ಒಳಗಿನ ಕೀವನ್ನು ಹೊರತೆಗೆಯುವ ಶಕ್ತಿ ಅದಕ್ಕಿಲ್ಲ. ಕಿತ್ತುಹೋದ ಚರ್ಮಕ್ಕೆ ಹುಳಿಯಿಂದ ಹಾನಿಯೇ. ಅದರ ಬದಲು ಶುಕ್ರವಾರ ಸಂಜೆಯೇ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಹದಿನೈದು ನಿಮಿಷ ಬೆರಳಿಟ್ಟಿದ್ದರೆ ಅಲ್ಲಿಗೇ ಇಳಿಯುವ ಸಾಧ್ಯತೆ ಇತ್ತು. ಕೀವು ಕಟ್ಟುವ ಮುಂಚಿನ ಆ ಒಂದೆರಡು ದಿನವೇ ಮನೆಮದ್ದಿಗೆ ಇರುವ ಅವಕಾಶ.

ಭಾನುವಾರ ಉಗುರಿನ ಅಂಚಿನಲ್ಲಿ ಹಳದಿ ಚುಕ್ಕೆ ಎದ್ದಿತು. ಸೋಮವಾರ ಚರ್ಮದ ವೈದ್ಯರ ಬಳಿ ಹೋದೆ. ಅವರು ಸೂಜಿಯ ಮೊನೆಯನ್ನು ಉಗುರಿಗೆ ಸಮನಾಗಿ ಮಲಗಿಸಿ, ಚರ್ಮದ ಮಡಿಕೆಯನ್ನು ಸ್ವಲ್ಪವೇ ಎತ್ತಿದರು. ಕೀವು ಹರಿಯಿತು, ಮೂರು ದಿನದ ಮಿಡಿತ ಎರಡು ನಿಮಿಷದಲ್ಲಿ ಅರ್ಧಕ್ಕಿಳಿಯಿತು. ಆಂಟಿಬಯೋಟಿಕ್ ಮಾತ್ರೆ ಬೇಡವೇ ಎಂದೆ. “ಕೀವು ಹೋಯಿತಲ್ಲ ಮೇಡಂ, ಈ ಬೆರಳಿಗೆ ಬೇಕಿಲ್ಲ. ಸಕ್ಕರೆ ಕಾಯಿಲೆ ಇದ್ದಿದ್ದರೆ ಬೇರೆ ಮಾತು. ಮೂರು ದಿನ ಬಿಸಿನೀರಲ್ಲಿ ಇಡಿ,” ಅಂದರು. ಆಮೇಲೆ ನನ್ನ ಉಳಿದ ಒಂಬತ್ತು ಬೆರಳು ನೋಡಿ, “ಯಾವುದನ್ನು ಓದುವಾಗ ಕಚ್ಚುತ್ತೀರಿ?” ಎಂದು ಕೇಳಿದರು. ಕಚ್ಚುತ್ತೀರಾ ಎಂದು ಕೇಳಲಿಲ್ಲ.

ಯಾವಾಗ ಕಾಯದೆ ಹೋಗಬೇಕು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಂಡೆ. ಹಳದಿ ಕೀವು ಕಂಡರೆ, ಊತ ಬೆರಳಿನ ಹೊಟ್ಟೆಯ ಕಡೆಗೆ ಹರಡಿ ತುದಿ ಬಿಗಿದುಕೊಂಡರೆ, ಕೆಂಪು ಗೆರೆ ಕೈ ಹತ್ತಿದರೆ, ಜ್ವರ ಬಂದರೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಪ್ಪು ನೇರಳೆಯಾಗಿ ಕಾಣುತ್ತದೆ. ಹಾಗಾಗಿ ಬಣ್ಣಕ್ಕಿಂತ ಬಿಸಿ, ಊತ, ನೋವನ್ನು ನಂಬಬೇಕು. ಸಕ್ಕರೆ ಕಾಯಿಲೆಯವರು ಇಷ್ಟಕ್ಕೂ ಕಾಯಬಾರದು. ಇನ್ನೊಂದು ಗುರುತು ಮುಖ್ಯ. ಕೀವಿನ ಬದಲು ತಿಳಿನೀರಿನ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್ ವೈರಸ್ ಇರಬಹುದು. ತುಟಿಯ ಮೇಲೆ ಅಂಥ ಗುಳ್ಳೆ ಇದ್ದಾಗ ಬೆರಳು ಕಚ್ಚುವ ಮಕ್ಕಳಿಗೆ ಹೀಗಾಗುತ್ತದೆ. ಅದನ್ನು ಚುಚ್ಚಬಾರದು, ಕೊಯ್ಯಬಾರದು.

ಇದಲ್ಲದೆ ಆರು ವಾರ ಮೀರಿದರೂ ಹೋಗದ, ಒಂದಕ್ಕಿಂತ ಹೆಚ್ಚು ಬೆರಳಿನಲ್ಲಿ ಬರುವ ಇನ್ನೊಂದು ಉಗುರುಸುತ್ತಿದೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ, ಮನೆಗೆಲಸ ಮಾಡುವವರ, ಮೀನು ಹಸನು ಮಾಡುವವರ ಕೈಯಲ್ಲಿ ಇದು ಸಾಮಾನ್ಯ. ಉಗುರಿನ ಬುಡದಲ್ಲಿ ಒಂದು ತೆಳುವಾದ ಪೊರೆ ಉಗುರಿಗೂ ಚರ್ಮಕ್ಕೂ ನಡುವಿನ ಸಂದನ್ನು ಮುಚ್ಚಿರುತ್ತದೆ; ಬಾಗಿಲ ಸಂದಿಗೆ ಹಾಕುವ ರಬ್ಬರ್ ಪಟ್ಟಿಯ ಹಾಗೆ. ಈ ಕೈಗಳಲ್ಲಿ ಆ ಪೊರೆ ಕರಗಿಹೋಗಿ ಸೋಪಿನ ನೀರು ಒಳಗೆ ಇಳಿಯುತ್ತಲೇ ಇರುತ್ತದೆ, ಚರ್ಮ ಬನ್ನಿನಂತೆ ಊದಿರುತ್ತದೆ. ಅಲ್ಲಿ ಆಂಟಿಬಯೋಟಿಕ್ ಮಾತ್ರೆ ನುಂಗಿಸಿ ಫಲವಿಲ್ಲ, ಕೈ ಒಣಗಿಸಿಡುವುದೇ ಮೊದಲ ಔಷಧಿ, ಮುಲಾಮು ವೈದ್ಯರು ಹೇಳಿದ್ದು. ಬ್ಯೂಟಿ ಪಾರ್ಲರಿನಲ್ಲಿ ಉಗುರು ಚೆಂದ ಮಾಡುವಾಗ ಈ ಪೊರೆಯನ್ನು ಹಿಂದಕ್ಕೆ ತಳ್ಳಿ ಕತ್ತರಿಸುತ್ತಾರಲ್ಲ, ಅದನ್ನು ಬೇಡವೆನ್ನಿ. ಕೆಲವರಿಗೆ ತೋರುಬೆರಳಿನಿಂದ ಹೆಬ್ಬೆರಳಿನ ಪೊರೆಯನ್ನು ತಾವೇ ಸದಾ ಹಿಂದಕ್ಕೆ ಒತ್ತುವ ಚಾಳಿ. ಅವರ ಹೆಬ್ಬೆರಳುಗುರಿನ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಗೆರೆಗಳು ಮೂಡುತ್ತವೆ. ಕೈ ನೋಡಿ ಚಾಳಿ ಹೇಳಬಹುದು.

ವೈದ್ಯರ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅಂಕಪಟ್ಟಿಯ ಹಿಂಬದಿಯಲ್ಲಿ ಐದು ದಿನ ಗೀಟು ಹಾಕಿದೆ: ಬೆರಳು ಬಾಯಿಗೆ ಹೋದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಆಗ ಏನು ಮಾಡುತ್ತಿದ್ದೆ ಎಂಬ ಒಂದು ಪದ. ಟೆನ್ಷನ್ ಆದಾಗ ಕಚ್ಚುತ್ತೇನೆ ಎಂದು ನಾನು ನಂಬಿದ್ದೆ. ಗೀಟುಗಳು ಬೇರೆ ಹೇಳಿದವು. ಪತ್ರಿಕೆ ತಿದ್ದುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಮೊಬೈಲಿನಲ್ಲಿ ಏನೋ ನೋಡುವಾಗ. ಮೂರೂ ಎಡಗೈಗೆ ಕೆಲಸವಿಲ್ಲದ ಹೊತ್ತು. ಮುಖ್ಯೋಪಾಧ್ಯಾಯರು ಬೈದ ದಿನ ಒಂದೂ ಹೆಚ್ಚಾಗಿರಲಿಲ್ಲ.

ಮೂರನೆಯ ದಿನ ಇನ್ನೊಂದು ಗಮನಿಸಿದೆ. ಬೆರಳು ಬಾಯಿಗೆ ಹೋಗುವ ಮುಂಚೆ ತೋರುಬೆರಳು ಹೆಬ್ಬೆರಳಿನ ಅಂಚನ್ನು ಒಂದು ಸುತ್ತು ಸವರಿ ನೋಡುತ್ತದೆ. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ನುಣುಪಿದ್ದರೆ ಸುಮ್ಮನಾಗುತ್ತದೆ, ಒರಟು ಸಿಕ್ಕರೆ ಅದನ್ನು ‘ಸರಿಮಾಡಲು’ ಹಲ್ಲಿಗೆ ಒಪ್ಪಿಸುತ್ತದೆ. ಹಲ್ಲು ಸರಿಮಾಡುವುದು ಹೇಗೆಂದು ಮೇಲೆ ಹೇಳಿದೆನಲ್ಲ: ಇನ್ನೊಂದು ಒರಟು ಅಂಚನ್ನು ಉಳಿಸಿ. ಹೀಗೆ ಸಿಗುರು ಕಚ್ಚಿಸುತ್ತದೆ, ಕಚ್ಚಿದ್ದು ಸಿಗುರು ಏಳಿಸುತ್ತದೆ. ಈ ಸುತ್ತಿನಲ್ಲಿ ಕತ್ತರಿ ಹಾಕಲು ಸುಲಭವಾದ ಜಾಗ ಮನಸ್ಸಲ್ಲ, ಆ ಒರಟು ಅಂಚು. ಹತ್ತು ರೂಪಾಯಿಯ ಪೆನ್ಸಿಲ್ ಡಬ್ಬಿಯೊಂದರಲ್ಲಿ ನೇಲ್ ಕಟರ್, ಉಗುರು ಉಜ್ಜುವ ಅರ, ವ್ಯಾಸಲೀನಿನ ಪುಟ್ಟ ಡಬ್ಬಿ ಇಟ್ಟುಕೊಂಡೆ. ಬೆರಳು ಒರಟನ್ನು ಕಂಡ ಕೂಡಲೇ ಆಗಲೇ, ಅಲ್ಲೇ ಕತ್ತರಿಸಿ ಜಿಡ್ಡು ಹಚ್ಚುವುದು. ಮನೆಗೆ ಹೋಗಿ ಮಾಡೋಣ ಅಂದರೆ ಬಸ್ಸಿನಲ್ಲೇ ಹಲ್ಲು ಮುಗಿಸಿರುತ್ತದೆ.

ಅಂಚಿನ ಕಾಟ ಕಡಿಮೆಯಾದರೂ ಕೈ ಅಭ್ಯಾಸಬಲದಿಂದ ಏಳುತ್ತಿತ್ತು. ಅದಕ್ಕೆ ಹಳೆಯ, ಪರೀಕ್ಷೆಗೊಳಪಟ್ಟ ಒಂದು ದಾರಿ ಇದೆ. 1973ರಲ್ಲಿ ನಾಥನ್ ಅಜ್ರಿನ್, ಗ್ರೆಗರಿ ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಚಾಳಿಯನ್ನು ಬಿಡು ಎಂದು ಕೈಗೆ ಹೇಳುವ ಬದಲು, ಅದೇ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸ ಕೊಡಬೇಕು. ಆ ಕೆಲಸ ನಡೆಯುವಾಗ ಕಚ್ಚಲು ಸಾಧ್ಯವೇ ಆಗಬಾರದು, ನೋಡಿದವರಿಗೆ ವಿಚಿತ್ರವೂ ಅನಿಸಬಾರದು. ಕೈ ಏಳುವುದು ಅರಿವಿಗೆ ಬಂದ ಕ್ಷಣ ನಾನು ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಆ ಮುಷ್ಟಿಯನ್ನು ಪತ್ರಿಕೆಗಳ ಕಟ್ಟಿನ ಮೇಲೆ ಊರುತ್ತೇನೆ. ಒಂದರಿಂದ ಮೂರು ನಿಮಿಷ. ಮೊದಲ ವಾರ ಕೈ ಬಾಯಿಗೆ ಮುಟ್ಟಿದ ಮೇಲೆ ನೆನಪಾಗುತ್ತಿತ್ತು. ಆಗಲೂ ಮುಷ್ಟಿ ಕಟ್ಟಬೇಕು, ‘ಹೇಗೂ ಕಚ್ಚಿಯಾಯಿತು’ ಎಂದು ಬಿಡಬಾರದು. ಎರಡನೇ ವಾರ ಗದ್ದದ ಹತ್ತಿರ ನೆನಪಾಯಿತು. ನಾಲ್ಕನೇ ವಾರ, ತೋರುಬೆರಳು ಸವರುವಾಗಲೇ.

ಮುಷ್ಟಿ ಒಗ್ಗದವರಿಗೆ ಇನ್ನೂ ಸಣ್ಣ ದಾರಿ ಇದೆ. ಜರ್ಮನಿಯ ಹ್ಯಾಂಬರ್ಗಿನ ಸ್ಟೆಫೆನ್ ಮೊರಿಟ್ಜ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಗುರು ಕಚ್ಚುವ, ಚರ್ಮ ಕೀಳುವ, ಕೂದಲು ಕೀಳುವ 268 ಜನರಿದ್ದರು. ಒಂದು ಗುಂಪಿನವರಿಗೆ ಬೆರಳ ತುದಿಗಳನ್ನು, ಅಂಗೈಯನ್ನು ಅಥವಾ ಮುಂಗೈಯನ್ನು ಹಗುರಾಗಿ ಸವರಿಕೊಳ್ಳುವುದನ್ನು ದಿನಕ್ಕೆ ಎರಡು ಸಲವಾದರೂ ಅಭ್ಯಾಸ ಮಾಡಲು ಹೇಳಿದರು. ಆರು ವಾರದ ಕೊನೆಗೆ ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ಚಾಳಿ ತಗ್ಗಿತ್ತು. ಏನೂ ಮಾಡದೆ ಕಾದವರಲ್ಲಿ ಐವರಲ್ಲಿ ಒಬ್ಬರಿಗೆ. ಹೆಚ್ಚು ಲಾಭವಾದದ್ದು ಉಗುರು ಕಚ್ಚುವವರಿಗೆ. ಉಳಿದರ್ಧಕ್ಕೆ ಆಗಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು. ರಕ್ತ ಬಂದರೂ ನಿಲ್ಲಿಸಲಾಗದವರು, ಬೆರಳು ಮುಚ್ಚಿಕೊಂಡು ಓಡಾಡುವವರು ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ನೋಡುವುದು ಸರಿ.

ಮಕ್ಕಳ ಬೆರಳಿಗೆ ನಮ್ಮವರು ಬೇವಿನೆಣ್ಣೆ, ಹಾಗಲಕಾಯಿ ರಸ ಹಚ್ಚುತ್ತಾರೆ. ಅಂಗಡಿಯ ಕಹಿ ನೇಲ್ ಪಾಲಿಶ್ ಮಾಡುವುದೂ ಅದೇ ಕೆಲಸ. ಕಹಿ ಮಗುವಿಗೆ ‘ಕೈ ಬಾಯಲ್ಲಿದೆ’ ಎಂದು ಎಚ್ಚರಿಸುತ್ತದೆ, ಅಷ್ಟೇ. ಆ ಎಚ್ಚರದ ನಂತರ ಕೈಗೆ ಬೇರೆ ಕೆಲಸ ಇಲ್ಲದಿದ್ದರೆ ಮಗು ಕಹಿಗೇ ಒಗ್ಗಿಕೊಳ್ಳುತ್ತದೆ. ಖಾರದ ಪುಡಿ ಮಾತ್ರ ಯಾವ ಕಾರಣಕ್ಕೂ ಬೇಡ, ಅದೇ ಬೆರಳು ಕಣ್ಣಿಗೂ ಹೋಗುತ್ತದೆ. ಉಗುರು ಕಚ್ಚಿದರೆ ದರಿದ್ರ ಬರುತ್ತದೆ ಎಂದು ಹೆದರಿಸುವುದಕ್ಕಿಂತ, ಕ್ರಿಮಿಯ ಮೊಟ್ಟೆ ಉಗುರಿನ ಕೆಳಗಿಂದ ಹೊಟ್ಟೆಗೆ ಹೋಗುತ್ತದೆ, ಒಂದು ಬೆರಳಿನ ನರಹುಲಿ ಹತ್ತು ಬೆರಳಿಗೂ ಹರಡುತ್ತದೆ ಎಂದು ಹೇಳಿದರೆ ನನ್ನ ಎಂಟನೇ ತರಗತಿಯವರು ಹೆಚ್ಚು ಆಸಕ್ತಿಯಿಂದ ಕೇಳಿದರು.

ಉಳಿದ ಬದಲಾವಣೆ ಅಡುಗೆಮನೆಯದು. ರಬ್ಬರ್ ಕೈಗವಸು ತಂದೆ, ಎರಡು ದಿನ ಹಾಕಿದೆ, ಒಳಗೆ ಬೆವರಿ ಇನ್ನೂ ಕಿರಿಕಿರಿ. ಒಳಗೊಂದು ತೆಳು ಹತ್ತಿಯ ಗವಸು ಹಾಕಬೇಕಂತೆ. ಅಷ್ಟು ತಾಳ್ಮೆ ನನಗಿರಲಿಲ್ಲ. ಅದರ ಬದಲು ಪಾತ್ರೆಗಳನ್ನು ಆಗಾಗ ಒಂದೊಂದು ತೊಳೆಯುವುದು ಬಿಟ್ಟು ಹೊತ್ತಿಗೊಮ್ಮೆ ಒಟ್ಟಿಗೇ ತೊಳೆಯುತ್ತೇನೆ, ಮುಗಿದ ಕೂಡಲೇ ಬೆರಳ ಸಂದಿ ಒರೆಸಿ ಕೊಬ್ಬರಿ ಎಣ್ಣೆ. ಬೆಳ್ಳುಳ್ಳಿಯನ್ನು ಚಾಕುವಿನ ಚಪ್ಪಟೆ ಬದಿಯಿಂದ ಜಜ್ಜಿ ಸುಲಿಯುತ್ತೇನೆ. ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಕಾಗದದ ಸುತ್ತು, ಪಿರಿಯಡ್ ಮುಗಿದಾಗ ಸೋಪಿನ ಬದಲು ಒದ್ದೆ ಕರ್ಚೀಫು. ಸೋಪು ಊಟಕ್ಕೆ ಮುಂಚೆ, ಶೌಚಾಲಯದ ನಂತರ.

ಚರ್ಮ ಬೇಗ ಕೂಡಿತು, ಬುಡದ ಪೊರೆ ಮತ್ತೆ ಉಗುರಿಗೆ ಅಂಟಿಕೊಳ್ಳಲು ಏಪ್ರಿಲ್ ಬಂತು. ಮಾರ್ಚಿನಲ್ಲಿ ಉಗುರಿನ ಬುಡದಿಂದ ಒಂದು ಅಡ್ಡ ತಗ್ಗು ಹೊರಬಂದಾಗ ಗಾಬರಿಯಾಗಿ ಮತ್ತೆ ವೈದ್ಯರಲ್ಲಿಗೆ ಓಡಿದ್ದೆ. ಕೀವಾಗಿದ್ದ ದಿನಗಳಲ್ಲಿ ಉಗುರು ಬೆಳೆಯುವ ಬುಡಕ್ಕೆ ಪೆಟ್ಟು ಬಿದ್ದು ಆ ವಾರದ ಉಗುರು ತೆಳ್ಳಗೆ ಬಂದಿದೆ, ಏನೂ ಹಚ್ಚಬೇಡಿ ಎಂದರು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕಕ್ಕೆ ಹೆಸರು ಬರೆಯುವಾಗ ಆ ತಗ್ಗು ಉಗುರಿನ ನಡುವಿಗೆ ಬಂದಿತ್ತು. ಆಗಸ್ಟ್‌ನ ಕಿರುಪರೀಕ್ಷೆಯ ಪತ್ರಿಕೆ ತಿದ್ದುವ ಹೊತ್ತಿಗೆ ತುದಿ ಮುಟ್ಟಿತು. ಪೆನ್ಸಿಲ್ ಡಬ್ಬಿ ತೆಗೆದು ಕತ್ತರಿಸಿ ಹಾಕಿ, ಮುಂದಿನ ಪತ್ರಿಕೆ ಎತ್ತಿಕೊಂಡೆ.